ಕರೆಂಟ್ ಹೋದಾಗ ಟಿವಿ: ವ್ಯಾಟ್ ಅಳೆದೆ, ವಿಎ ಅಳೆದೆ, ಅಲೆಯ ಆಕಾರವನ್ನೂ ನೋಡಿದೆ

ಟಿವಿಗೆ ಎಷ್ಟು ದೊಡ್ಡ ಇನ್ವರ್ಟರ್ ಬೇಕು ಅಂತ ಕೇಳಿದರೆ ಹೆಚ್ಚಿನವರು ಟಿವಿ ಎಷ್ಟು ಇಂಚು ಅಂತ ತಿರುಗಿ ಕೇಳುತ್ತಾರೆ, ಆಮೇಲೆ ಒಂದು ವಿಎ ನಂಬರ್ ಹೇಳಿಬಿಡುತ್ತಾರೆ. ಇಂಚಿನಿಂದ ಅದು ಗೊತ್ತಾಗುವುದಿಲ್ಲ. ಹಾಗಾಗಿ ನಮ್ಮ ಟಿವಿಯನ್ನೇ ಅಳೆಯೋಣ ಅಂತ ಕೂತೆ. ನನಗೆ ಬೇಕಾಗಿದ್ದು ಇಷ್ಟು: ಕರೆಂಟ್ ಹೋದ ಮೇಲೆ ಟಿವಿ, ಸೆಟ್ ಟಾಪ್ ಬಾಕ್ಸ್, ವೈಫೈ ರೂಟರ್ ಮೂರೂ 4 ಗಂಟೆ ಓಡಬೇಕು. ಕರೆಂಟ್ ಹೋಗುವ ಕ್ಷಣದಲ್ಲಿ ಟಿವಿ ಆಫ್ ಆಗಿ ಮತ್ತೆ ಮೊದಲಿನಿಂದ ಶುರುವಾಗಬಾರದು. ಟಿವಿಯ ಪವರ್ ಸಪ್ಲೈಗೆ ತೊಂದರೆಯೂ ಆಗಬಾರದು.

ನಮ್ಮದು 43 ಇಂಚಿನ ಎಲ್‌ಇಡಿ ಟಿವಿ. ಹಿಂದಿನ ಲೇಬಲ್ ಮೇಲೆ 95 ವ್ಯಾಟ್ ಅಂತ ಇದೆ. ಅದು ಎಲ್ಲವನ್ನೂ ಗರಿಷ್ಠಕ್ಕೆ ಇಟ್ಟು, ಸೌಂಡ್ ಪೂರ್ತಿ ಕೊಟ್ಟು, ಯುಎಸ್‌ಬಿಗೆ ಏನಾದರೂ ಚುಚ್ಚಿದಾಗ ಎಳೆಯಬಹುದಾದ ಲೆಕ್ಕ. ದಿನಾ ನೋಡುವಾಗ ಅಷ್ಟು ಎಳೆಯುವುದಿಲ್ಲ. ಪ್ಲಗ್‌ಗೂ ಸಾಕೆಟ್‌ಗೂ ಮಧ್ಯೆ ಹಾಕುವ ಚಿಕ್ಕ ವ್ಯಾಟ್ ಮೀಟರ್ ಸಿಗುತ್ತದಲ್ಲ, ಅದನ್ನು ಹಾಕಿ ನೋಡಿದೆ. ಮೀಟರ್ ಕೊಳ್ಳುವಾಗ ವ್ಯಾಟ್ ಜೊತೆಗೆ ವಿಎ ಅಥವಾ ಪವರ್ ಫ್ಯಾಕ್ಟರ್ ಕೂಡ ತೋರಿಸುವಂಥದ್ದೇ ಇರಲಿ, ಈ ಕೆಲಸಕ್ಕೆ ಎರಡೂ ಬೇಕು. ವಿಎ ಅಂದರೆ ವೋಲ್ಟ್ ಗುಣಿಸು ಆಂಪ್, ವ್ಯಾಟ್ ಅನ್ನು ಅದರಿಂದ ಭಾಗಿಸಿದರೆ ಬರುವುದು ಪವರ್ ಫ್ಯಾಕ್ಟರ್.

ಮಾಮೂಲಿ ಬೆಳಕಿನಲ್ಲಿ ಸುದ್ದಿ ಚಾನೆಲ್ ಹಾಕಿದಾಗ 64 ವ್ಯಾಟ್ ಬಂತು. ಪಿಕ್ಚರ್ ಮೋಡ್ ಅನ್ನು ವಿವಿಡ್‌ಗೆ ಬದಲಿಸಿದರೆ 88ಕ್ಕೆ ಏರಿತು. ಬ್ಯಾಕ್‌ಲೈಟ್ ಅರ್ಧಕ್ಕೆ ಇಳಿಸಿದರೆ 43. ಸೌಂಡ್ ಜಾಸ್ತಿ ಮಾಡಿದ್ದಕ್ಕೆ ಒಂದೆರಡು ವ್ಯಾಟ್ ಹೆಚ್ಚಾಯಿತು ಅಷ್ಟೇ. ಅಂದರೆ ಎಲ್‌ಇಡಿ ಟಿವಿಯಲ್ಲಿ ಕರೆಂಟ್ ತಿನ್ನುವುದು ಮುಖ್ಯವಾಗಿ ಹಿಂದಿನ ಬೆಳಕು. ಒಂದೇ ಟಿವಿ, ಒಂದೇ ಚಾನೆಲ್, ಸೆಟ್ಟಿಂಗ್ ಬದಲಾದ ಮಾತ್ರಕ್ಕೆ ಎರಡು ಪಟ್ಟು ವ್ಯತ್ಯಾಸ. ಓಎಲ್‌ಇಡಿ ಟಿವಿ ಇದ್ದವರಿಗೆ ಇದು ಇನ್ನೂ ಏರುಪೇರು, ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಬೆಳ್ಳಗಿನ ದೃಶ್ಯ ಬಂದಾಗ ಮೇಲೆ ಹೋಗುತ್ತದೆ, ಕತ್ತಲ ದೃಶ್ಯಕ್ಕೆ ಕೆಳಗೆ ಬರುತ್ತದೆ. ಅಂಥ ಟಿವಿಗೆ ಅರ್ಧ ಗಂಟೆ ಮೀಟರ್ ಹಾಕಿಟ್ಟು ಒಟ್ಟು ಯೂನಿಟ್ ನೋಡುವುದು ಒಳ್ಳೆಯದು.

ಸೆಟ್ ಟಾಪ್ ಬಾಕ್ಸ್ 11 ವ್ಯಾಟ್, ರೂಟರ್ 8 ವ್ಯಾಟ್. ಮೂರೂ ಸೇರಿ 83 ವ್ಯಾಟ್ ಆಯಿತು.

ಈಗ ಅದೇ ಮೀಟರ್‌ನ ಬಟನ್ ಒತ್ತಿ ವಿಎ ನೋಡಿದೆ. ಟಿವಿ ಒಂದೇ 110 ವಿಎ ತೋರಿಸಿತು. ವ್ಯಾಟ್ ನೋಡಿದರೆ 64, ವಿಎ ನೋಡಿದರೆ 110, ಪವರ್ ಫ್ಯಾಕ್ಟರ್ 0.58. ಇದು ಮೀಟರ್‌ನ ತಪ್ಪಲ್ಲ. ಟಿವಿಯ ಒಳಗೆ ಮೊದಲು ಬರುವುದು ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು, ಅದರ ಹಿಂದೆ ಒಂದು ದೊಡ್ಡ ಕೆಪಾಸಿಟರ್. ಅಲೆಯ ತುದಿ ಬಂದಾಗ ಮಾತ್ರ ಆ ಕೆಪಾಸಿಟರ್ ಗಬಕ್ಕನೆ ಕರೆಂಟ್ ಎಳೆದುಕೊಳ್ಳುತ್ತದೆ, ಉಳಿದ ಹೊತ್ತು ಏನೂ ಎಳೆಯುವುದಿಲ್ಲ. ಸರಾಸರಿ ಕೆಲಸ ಕಡಿಮೆಯೇ, ಆದರೆ ಎಳೆಯುವ ಆ ಸಣ್ಣ ಹೊತ್ತಿನಲ್ಲಿ ಕರೆಂಟ್ ಬಹಳ ಜೋರು. ಮೀಟರ್ 0.48 ಆಂಪ್ ತೋರಿಸುತ್ತಿದ್ದರೂ ತುದಿಯಲ್ಲಿ ಅದರ ಮೂರು ಪಟ್ಟಿನ ಹತ್ತಿರ ಹೋಗಬಹುದು.

ಇಲ್ಲಿಂದ ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದಕ್ಕೆ ವ್ಯಾಟ್ ಲೆಕ್ಕ. ಇನ್ವರ್ಟರ್ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ವಿಎ ಲೆಕ್ಕ. ಎರಡನ್ನೂ ಕಲಸಿಬಿಟ್ಟರೆ ಒಂದೋ ಇನ್ವರ್ಟರ್ ಸಾಲುವುದಿಲ್ಲ, ಇಲ್ಲವೇ ಬ್ಯಾಟರಿ ಸುಮ್ನೆ ದೊಡ್ಡದಾಗುತ್ತದೆ.

ಹೋಲಿಸಿ ನೋಡಲು ಭಾವನ ಮನೆಯ 55 ಇಂಚಿನ ಟಿವಿಗೂ ಇದೇ ಮೀಟರ್ ಹಾಕಿದೆ. 112 ವ್ಯಾಟ್, 118 ವಿಎ. ನಮ್ಮ ಟಿವಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ವ್ಯಾಟ್, ಆದರೆ ವಿಎ ಹೆಚ್ಚು ಕಡಿಮೆ ಅಷ್ಟೇ! ಭಾವನಿಗೂ ಆಶ್ಚರ್ಯ. ಕಾರಣ ಏನಂದರೆ ಆ ಟಿವಿಯಲ್ಲಿ ಪವರ್ ಫ್ಯಾಕ್ಟರ್ ಸರಿ ಮಾಡುವ ಸರ್ಕ್ಯೂಟ್ ಇದೆ, ಪಿಎಫ್‌ಸಿ ಅಂತ ಕರೆಯುತ್ತಾರೆ. ಐಇಸಿ 61000-3-2 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಟಿವಿ ಮತ್ತು ಕಂಪ್ಯೂಟರ್‌ಗಳಿಗೆ 75 ವ್ಯಾಟ್‌ನಿಂದ ಮೇಲೆ ಕಟ್ಟುನಿಟ್ಟಾದ ಮಿತಿ ಹಾಕುತ್ತದೆ. ಕರೆಂಟನ್ನು ಹೀಗೆ ಗಬಕ್ ಗಬಕ್ ಅಂತ ಎಳೆದು ಲೈನ್ ಕೆಡಿಸಬಾರದು ಅನ್ನುವುದು ಅದರ ಉದ್ದೇಶ. ಹಾಗಾಗಿ ದೊಡ್ಡ ಟಿವಿಗಳಲ್ಲಿ ಸಾಮಾನ್ಯವಾಗಿ ಪಿಎಫ್‌ಸಿ ಇರುತ್ತದೆ, ಚಿಕ್ಕವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮದು ಯಾವ ಜಾತಿ ಅಂತ ತಿಳಿಯಲು ಟಿವಿ ಬಿಚ್ಚುವುದು ಬೇಡ, ಪವರ್ ಫ್ಯಾಕ್ಟರ್ 0.9ರ ಮೇಲೆ ಬಂದರೆ ಪಿಎಫ್‌ಸಿ ಇದೆ, 0.6ರ ಆಸುಪಾಸು ಬಂದರೆ ಇಲ್ಲ. ಇದು ಮುಂದೆ ಅಲೆಯ ವಿಷಯ ಬಂದಾಗ ಬಹಳ ಕೆಲಸಕ್ಕೆ ಬರುತ್ತದೆ.

ಬಾಕ್ಸ್, ರೂಟರ್ ಸೇರಿಸಿ ನಮ್ಮ ಒಟ್ಟು ಲೋಡ್ 83 ವ್ಯಾಟ್, ಸುಮಾರು 150 ವಿಎ.

ಮೊದಲ ಪರೀಕ್ಷೆ ಮನೆಯಲ್ಲೇ ಇದ್ದ 600 ವಿಎ ಕಂಪ್ಯೂಟರ್ ಯುಪಿಎಸ್ ಮೇಲೆ. 150 ವಿಎ ಅದಕ್ಕೆ ಏನೂ ಹೊರೆಯಲ್ಲ. ಆದರೆ ಎಷ್ಟು ಹೊತ್ತು? ಒಳಗೆ ಇರುವುದು 12 ವೋಲ್ಟ್ 7 ಎಎಚ್ ಬ್ಯಾಟರಿ. 12 ಗುಣಿಸು 7 ಅಂದರೆ 84 ವ್ಯಾಟ್-ಅವರ್, ನಮ್ಮ ಲೋಡ್ 83 ವ್ಯಾಟ್, ಹಾಗಾದರೆ ಒಂದು ಗಂಟೆ ಬರಬೇಕು ಅಂತ ಅನ್ನಿಸುತ್ತದೆ ಅಲ್ವಾ? ಓಡಿಸಿದಾಗ ಬಂದದ್ದು ಸುಮಾರು 20 ನಿಮಿಷ. ಬ್ಯಾಟರಿ ಹಾಳಾಗಿರಲಿಲ್ಲ.

7 ಎಎಚ್ ಅನ್ನುವ ಅಂಕಿ 20 ಗಂಟೆಯ ಲೆಕ್ಕ. ನಿಧಾನವಾಗಿ 0.35 ಆಂಪ್‌ನಂತೆ 20 ಗಂಟೆ ಎಳೆದರೆ 7 ಎಎಚ್ ಸಿಗುತ್ತದೆ. ನಾವು ಎಳೆಯುತ್ತಿರುವುದು ಎಷ್ಟು ನೋಡಿ: 83 ವ್ಯಾಟ್, ಯುಪಿಎಸ್‌ನೊಳಗೆ ಐದನೇ ಒಂದು ಭಾಗ ಬಿಸಿಯಾಗಿ ಹೋಗುತ್ತದೆ, ಹಾಗಾಗಿ ಬ್ಯಾಟರಿಯಿಂದ 104 ವ್ಯಾಟ್, ಅಂದರೆ 9 ಆಂಪ್. ಲೆಡ್ ಆಸಿಡ್ ಬ್ಯಾಟರಿಯನ್ನು ಇಷ್ಟು ಜೋರಾಗಿ ಎಳೆದರೆ ಪ್ಲೇಟಿನ ಒಳಗಿನವರೆಗೆ ಆಸಿಡ್ ಇಳಿಯಲು ಹೊತ್ತೇ ಸಿಗುವುದಿಲ್ಲ, ವೋಲ್ಟೇಜ್ ಬೇಗ ಕುಸಿಯುತ್ತದೆ, ಅರ್ಧದಷ್ಟು ಸಾಮರ್ಥ್ಯವೂ ಕೈಗೆ ಬರುವ ಮೊದಲೇ ಯುಪಿಎಸ್ ಬೀಪ್ ಹಾಕಿ ನಿಲ್ಲಿಸಿಬಿಡುತ್ತದೆ. ಬ್ಯಾಕ್‌ಲೈಟ್ ಅರ್ಧಕ್ಕೆ ಇಳಿಸಿ ಲೋಡ್ 62 ವ್ಯಾಟ್ ಮಾಡಿದಾಗ ಅರ್ಧ ಗಂಟೆ ದಾಟಿತು. ಲೋಡ್ ಕಾಲು ಭಾಗ ಇಳಿಸಿದ್ದಕ್ಕೆ ಸಮಯ ಅದಕ್ಕಿಂತ ಹೆಚ್ಚೇ ಬೆಳೆಯಿತು, ಯಾಕೆಂದರೆ ನಿಧಾನವಾಗಿ ಎಳೆದರೆ ಅದೇ ಬ್ಯಾಟರಿ ಹೆಚ್ಚು ಕೊಡುತ್ತದೆ.

ಇಲ್ಲಿ ಬಹಳ ಜನ ಮಾಡುವ ಒಂದು ಕೆಲಸದ ಬಗ್ಗೆ ಹೇಳಲೇಬೇಕು. ಯುಪಿಎಸ್ ಪೆಟ್ಟಿಗೆಯಿಂದ ಎರಡು ವೈರ್ ಹೊರಗೆ ತೆಗೆದು 100 ಎಎಚ್ ಬ್ಯಾಟರಿ ಕಟ್ಟುವುದು. ಟಿವಿ ಓಡುತ್ತದೆ ನಿಜ. ಆದರೆ ಆ ಯುಪಿಎಸ್‌ನ ಟ್ರಾನ್ಸ್‌ಫಾರ್ಮರ್, ಅದರ ಹೀಟ್ ಸಿಂಕ್ ಎಲ್ಲ ಕಂಪ್ಯೂಟರ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ ಅಳೆದು ಮಾಡಿದ್ದು. 20 ನಿಮಿಷಕ್ಕೆ ಬ್ಯಾಟರಿ ತಾನೇ ಮುಗಿಯುವುದರಿಂದ ಅದು ಮಿತಿಮೀರಿ ಬಿಸಿಯಾಗುವ ಪ್ರಶ್ನೆ ಬರುವುದಿಲ್ಲ. ದೊಡ್ಡ ಬ್ಯಾಟರಿ ಕಟ್ಟಿದರೆ ಆ ಮಿತಿ ತೆಗೆದುಹಾಕಿದಂತೆ. ನಾನು ಸ್ವಂತ ಬ್ಯಾಟರಿಯಲ್ಲೇ ಓಡಿಸಿ ನಿಂತ ಕೂಡಲೇ ಮೇಲೆ ಕೈಯಿಟ್ಟು ನೋಡಿದೆ, ಪ್ಲಾಸ್ಟಿಕ್ ಕವಚ ಆಗಲೇ ಚೆನ್ನಾಗಿ ಬೆಚ್ಚಗಾಗಿತ್ತು. ಇನ್ನು ಚಾರ್ಜಿಂಗ್: ಅದರೊಳಗಿನ ಚಾರ್ಜರ್ ಕೊಡುವುದು ಒಂದು ಆಂಪ್ ಆಸುಪಾಸು. ಖಾಲಿಯಾದ 100 ಎಎಚ್ ಬ್ಯಾಟರಿ ತುಂಬಲು ಅದಕ್ಕೆ ನಾಲ್ಕು ದಿನಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಮತ್ತೆ ಕರೆಂಟ್ ಹೋಗುತ್ತದೆ, ಬ್ಯಾಟರಿ ಯಾವತ್ತೂ ಪೂರ್ತಿ ತುಂಬದೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬೇಗ ಸಾಯುತ್ತದೆ. ದಯವಿಟ್ಟು ಇದನ್ನು ಮಾಡಬೇಡಿ.

ಯುಪಿಎಸ್ ಮೇಲೆ ಟಿವಿ ಓಡುತ್ತಿರುವಾಗ ಇನ್ನೊಂದು ಕೇಳಿಸಿತು. ಟಿವಿಯ ಹಿಂದೆ ಕಿವಿಯಿಟ್ಟರೆ ಸಣ್ಣಗೆ ಗುಂಯ್ ಅನ್ನುವ ಸದ್ದು. ಕರೆಂಟ್ ಇದ್ದಾಗ ಅದು ಇರುವುದಿಲ್ಲ. ಇದು ಅಲೆಯ ಆಕಾರದ ಸದ್ದು.

ಲೈನಿನ ಕರೆಂಟ್ ನಯವಾಗಿ ಏರಿ ಇಳಿಯುವ ಸೈನ್ ವೇವ್. 230 ವೋಲ್ಟ್ ಅಂದರೆ ಅದರ ತುದಿ 325 ವೋಲ್ಟ್. ಚಿಕ್ಕ ಯುಪಿಎಸ್‌ಗಳು ಕೊಡುವುದು ಮೆಟ್ಟಿಲಿನಂಥ ಅಲೆ: ಒಮ್ಮೆ ನೇರ 325ಕ್ಕೆ ಹಾರುತ್ತದೆ, ಅಲ್ಲೇ ಚಪ್ಪಟೆಯಾಗಿ ನಿಲ್ಲುತ್ತದೆ, ಸೊನ್ನೆಗೆ ಬೀಳುತ್ತದೆ, ಸ್ವಲ್ಪ ಹೊತ್ತು ಸೊನ್ನೆಯಲ್ಲೇ ಇದ್ದು ಮತ್ತೆ ಉಲ್ಟಾ ದಿಕ್ಕಿಗೆ ಹಾರುತ್ತದೆ. ಇದಕ್ಕೆ ಮಾಡಿಫೈಡ್ ಸೈನ್, ಸ್ಟೆಪ್ ವೇವ್, ಸಿಮ್ಯುಲೇಟೆಡ್ ಸೈನ್ ಅಂತೆಲ್ಲ ಹೆಸರು ಹಾಕಿರುತ್ತಾರೆ. ಡಬ್ಬದ ಮೇಲೆ ಪ್ಯೂರ್ ಸೈನ್ ವೇವ್ ಅಂತ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಮೆಟ್ಟಿಲು ಅಲೆ ಅಂತಲೇ ತಿಳಿದುಕೊಳ್ಳಿ. ಕೆಲವು ಹಳೇ ಇನ್ವರ್ಟರ್‌ಗಳಲ್ಲಿ ಆ ಸೊನ್ನೆಯ ಹೊತ್ತೂ ಇಲ್ಲ, ಪೂರ್ತಿ ಸ್ಕ್ವೇರ್ ವೇವ್.

ಆಸಿಲೋಸ್ಕೋಪ್ ಇಲ್ಲದೆ ಇದನ್ನು ಕಂಡುಹಿಡಿಯುವ ಒಂದು ದಾರಿ ನನಗೆ ತುಂಬ ಇಷ್ಟ. ಎರಡು ಮಲ್ಟಿಮೀಟರ್ ಬೇಕು, ಒಂದು ಟ್ರೂ ಆರ್‌ಎಂಎಸ್ ಅಂತ ಬರೆದಿರುವಂಥದ್ದು, ಅಂದರೆ ಅಲೆಯ ಆಕಾರ ಹೇಗಿದ್ದರೂ ನಿಜವಾದ ವೋಲ್ಟೇಜ್ ತೋರಿಸುವಂಥದ್ದು, ಇನ್ನೊಂದು ಸಾಮಾನ್ಯ ಮೀಟರ್. ಲೈನಿನ ಕರೆಂಟ್‌ಗೆ ಇಟ್ಟಾಗ ಎರಡೂ ಒಂದೇ ತೋರಿಸುತ್ತವೆ. ಯುಪಿಎಸ್ ಬ್ಯಾಟರಿಯಲ್ಲಿದ್ದಾಗ ಇಟ್ಟೆ, ಟ್ರೂ ಆರ್‌ಎಂಎಸ್ ಮೀಟರ್ 228 ಅಂದಿತು, ಸಾಮಾನ್ಯ ಮೀಟರ್ 178 ಅಂದಿತು. ಒಂದೇ ಸಾಕೆಟ್, ಒಂದೇ ಹೊತ್ತು, 50 ವೋಲ್ಟ್ ವ್ಯತ್ಯಾಸ. ಸಾಮಾನ್ಯ ಮೀಟರ್ ಅಲೆಯ ಸರಾಸರಿಯನ್ನು ಅಳೆದು, ಇದು ಸೈನ್ ವೇವ್ ತಾನೇ ಅಂದುಕೊಂಡು 1.11ರಿಂದ ಗುಣಿಸಿ ತೋರಿಸುತ್ತದೆ. ಮೆಟ್ಟಿಲು ಅಲೆ 325 ವೋಲ್ಟ್‌ನಲ್ಲಿ ಅರ್ಧ ಹೊತ್ತು, ಸೊನ್ನೆಯಲ್ಲಿ ಅರ್ಧ ಹೊತ್ತು ಇದ್ದರೆ ಸರಾಸರಿ 162, ಅದನ್ನು 1.11ರಿಂದ ಗುಣಿಸಿದರೆ 180. ಆದರೆ ನಿಜವಾದ ಆರ್‌ಎಂಎಸ್ 230. ಪೂರ್ತಿ ಸ್ಕ್ವೇರ್ ವೇವ್ ಆದರೆ ಉಲ್ಟಾ, ಸಾಮಾನ್ಯ ಮೀಟರ್ 255 ತೋರಿಸುತ್ತದೆ. ಅಂದರೆ ಸಾಮಾನ್ಯ ಮೀಟರ್ ಕಡಿಮೆ ತೋರಿಸಿದರೆ ಮೆಟ್ಟಿಲು, ಜಾಸ್ತಿ ತೋರಿಸಿದರೆ ಸ್ಕ್ವೇರ್, ಎರಡೂ ಒಂದೇ ಇದ್ದರೆ ಸೈನ್. ಸಾಮಾನ್ಯ ಮೀಟರ್ ಒಂದೇ ಇದ್ದವರು 178 ನೋಡಿ ವೋಲ್ಟೇಜ್ ಕಡಿಮೆ ಬರುತ್ತಿದೆ ಅಂತ ಒಳಗಿನ ಪ್ರೀಸೆಟ್ ತಿರುಗಿಸಲು ಹೋಗಬಾರದು, ಮೀಟರ್‌ನಲ್ಲಿ 230 ಬರುವ ಹೊತ್ತಿಗೆ ನಿಜವಾದ ವೋಲ್ಟೇಜ್ 290 ದಾಟಿರಬಹುದು. ಇದು ಜೀವ ತೆಗೆಯುವ ವೋಲ್ಟೇಜ್ ಅನ್ನುವುದನ್ನೂ ಮರೆಯಬೇಡಿ, ಮೀಟರ್‌ನ ಚೂಪು ತುದಿಯನ್ನು ಸಾಕೆಟ್‌ಗೆ ಹಾಕುವಾಗ ಬೆರಳು ಪ್ಲಾಸ್ಟಿಕ್ ಅಂಚಿನ ಹಿಂದೆಯೇ ಇರಲಿ.

ಮೆಟ್ಟಿಲು ಅಲೆಯಿಂದ ಟಿವಿ ಸುಟ್ಟುಹೋಗುತ್ತದೆ ಅಂತ ಕೆಲವರು, ಏನೂ ಆಗುವುದಿಲ್ಲ ಅಂತ ಕೆಲವರು. ಎರಡೂ ಅರ್ಧ ಸತ್ಯ, ಇಲ್ಲೇ ಪಿಎಫ್‌ಸಿ ಇದೆಯೋ ಇಲ್ಲವೋ ಅನ್ನುವುದು ಬರುವುದು.

ನಮ್ಮ 43 ಇಂಚಿನಂಥ, ಪಿಎಫ್‌ಸಿ ಇಲ್ಲದ ಟಿವಿಗೆ ಬೇಕಾಗಿರುವುದು ಆ ಕೆಪಾಸಿಟರ್ ತುಂಬುವುದು ಮಾತ್ರ. ಅಲೆ ನಯವಾಗಿ ಬಂತೋ ಮೆಟ್ಟಿಲಾಗಿ ಬಂತೋ ಅದಕ್ಕೆ ಹೆಚ್ಚು ಲೆಕ್ಕವಿಲ್ಲ, ತುದಿ ಸಾಕಷ್ಟು ಎತ್ತರ ಇದ್ದರೆ ಆಯಿತು. ಲೇಬಲ್ ಮೇಲೆ 100-240 ವೋಲ್ಟ್ ಅಂತ ಇರುವುದರಿಂದ ಬ್ಯಾಟರಿ ಇಳಿದು ತುದಿ ತಗ್ಗಿದರೂ ಚಿತ್ರ ಕೆಡುವುದಿಲ್ಲ. ತೊಂದರೆ ಇರುವುದು ಮೆಟ್ಟಿಲಿನ ಅಂಚಿನಲ್ಲಿ. ವೋಲ್ಟೇಜ್ ಸೊನ್ನೆಯಿಂದ 325ಕ್ಕೆ ಒಮ್ಮೆಲೇ ಹಾರಿದಾಗ, ಟಿವಿಯ ಪ್ಲಗ್ ಹತ್ತಿರ ಗದ್ದಲ ಸೋಸಲು ಇಟ್ಟಿರುವ ಚಿಕ್ಕ ಕೆಪಾಸಿಟರ್‌ಗಳಿಗೆ ಪ್ರತಿ ಸಲವೂ ಕರೆಂಟಿನ ಒಂದು ಹೊಡೆತ ಬೀಳುತ್ತದೆ. ನಾನು ಕೇಳಿದ ಗುಂಯ್ ಸದ್ದಿಗೆ ಕಾರಣ ಈ ಹೊಡೆತಗಳೇ. ದಿನಕ್ಕೆ 20 ನಿಮಿಷಕ್ಕೆ ಇದು ದೊಡ್ಡ ವಿಷಯವಲ್ಲ. ದಿನಾ ನಾಲ್ಕೈದು ಗಂಟೆ ಓಡಿಸುವವರಿಗೆ ನಾನು ಇದನ್ನು ಒಪ್ಪುವುದಿಲ್ಲ.

ಪಿಎಫ್‌ಸಿ ಇರುವ ದೊಡ್ಡ ಟಿವಿಗೆ ಕಥೆ ಬೇರೆ. ಆ ಸರ್ಕ್ಯೂಟ್‌ನ ಕೆಲಸವೇ ಬರುವ ವೋಲ್ಟೇಜಿನ ಆಕಾರ ನೋಡಿ ಅದೇ ಆಕಾರದಲ್ಲಿ ಕರೆಂಟ್ ಎಳೆಯುವುದು. ನಯವಾದ ಅಲೆ ಇದ್ದರೆ ಅದನ್ನು ಹಿಂಬಾಲಿಸುತ್ತದೆ. ಮೆಟ್ಟಿಲು ಕೊಟ್ಟರೆ ಕೆಲ ಹೊತ್ತು ಸೊನ್ನೆ, ಆಮೇಲೆ ಇದ್ದಕ್ಕಿದ್ದಂತೆ ಪೂರ್ತಿ, ಅದರ ಕಂಟ್ರೋಲ್ ಐಸಿ ಇದಕ್ಕೆ ಹೊಂದಿಕೊಳ್ಳಲು ಪರದಾಡುತ್ತದೆ. ಕೆಲವು ಟಿವಿ ಸಹಿಸಿಕೊಳ್ಳುತ್ತವೆ, ಕೆಲವು ಜೋರಾಗಿ ಗುಂಯ್‌ಗುಡುತ್ತವೆ, ಕೆಲವು ಆನ್ ಆದ ಕೆಲವೇ ಸೆಕೆಂಡಿಗೆ ಆಫ್ ಆಗುತ್ತವೆ. ಭಾವನ ಟಿವಿಯನ್ನು ನಮ್ಮ ಯುಪಿಎಸ್‌ಗೆ ಹಾಕಿದಾಗ ಆಫ್ ಆಗಲಿಲ್ಲ, ಆದರೆ ಸೌಂಡ್ ಮ್ಯೂಟ್ ಮಾಡಿದರೆ ಸೋಫಾದಲ್ಲಿ ಕೂತವರಿಗೂ ಆ ಸದ್ದು ಕೇಳುತ್ತಿತ್ತು. ತಕ್ಷಣ ತೆಗೆಸಿದೆ. ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಪವರ್ ಫ್ಯಾಕ್ಟರ್ 0.9 ದಾಟಿದ ಟಿವಿ ಇದ್ದರೆ ಪ್ಯೂರ್ ಸೈನ್ ಇನ್ವರ್ಟರ್ ಬಿಟ್ಟು ಬೇರೆ ಯೋಚನೆ ಬೇಡ.

ಟಿವಿಯ ಜೊತೆ ಇರುವ ಸಾಮಾನುಗಳನ್ನೂ ನೋಡಿ. ಹಳೇ ಸ್ಪೀಕರ್ ಸೆಟ್ಟಿನ ಒಳಗೆ ಅಥವಾ ಭಾರವಾದ ಹಳೇ ಅಡಾಪ್ಟರ್ ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಮೆಟ್ಟಿಲು ಅಲೆಯಲ್ಲಿ ಅದು ಮಾಮೂಲಿಗಿಂತ ಜಾಸ್ತಿ ಬಿಸಿಯಾಗುತ್ತದೆ, ಸ್ಪೀಕರ್‌ನಲ್ಲೂ ಹಮ್ಮಿಂಗ್ ಸೇರುತ್ತದೆ. ಎರಡು ಪಿನ್ನಿನ ಟಿವಿಗಳಲ್ಲಿ ಎಚ್‌ಡಿಎಂಐ ಕೇಬಲ್‌ನ ಲೋಹದ ಭಾಗ ಮುಟ್ಟಿದಾಗ ಸಣ್ಣಗೆ ಜುಂ ಅನ್ನಿಸುವುದೂ ಹೆಚ್ಚಾಗಬಹುದು. ಕೇಬಲ್ ಹಾಕುವುದು ತೆಗೆಯುವುದು ಏನಿದ್ದರೂ ಪ್ಲಗ್ ಕಿತ್ತ ಮೇಲೆ ಮಾಡಿ.

ಇನ್ನು 4 ಗಂಟೆಯ ಲೆಕ್ಕ. ಇನ್ವರ್ಟರ್ ಗಾತ್ರ ಮೊದಲು: 150 ವಿಎ ಲೋಡ್, ಕರೆಂಟ್ ತುದಿಯಲ್ಲಿ ಗಬಕ್ಕನೆ ಎಳೆಯುವ ಲೋಡ್ ಆದ್ದರಿಂದ ಕಡಿಮೆ ಅಂದರೂ ಎರಡು ಪಟ್ಟು ಇರಬೇಕು. ಇಲ್ಲದಿದ್ದರೆ ಸೈನ್ ವೇವ್ ಇನ್ವರ್ಟರ್ ಆದರೂ ಅಲೆಯ ತುದಿ ಚಪ್ಪಟೆಯಾಗುತ್ತದೆ. ಅಂದರೆ 300 ವಿಎ ಸಾಕು. ನಾನು ಆಮೇಲೆ ಒಂದು ಫ್ಯಾನ್, ಎರಡು ಲೈಟ್ ಸೇರಿಸುವ ಯೋಚನೆಯಿಂದ 900 ವಿಎ ಸೈನ್ ವೇವ್ ತಗೊಂಡೆ. ಟಿವಿ ಮಾತ್ರ ಅನ್ನುವವರಿಗೆ ಅಷ್ಟು ದೊಡ್ಡದು ಬೇಡ, ಯಾಕೆ ಬೇಡ ಅಂತ ಈಗ ಹೇಳುತ್ತೇನೆ.

ಬ್ಯಾಟರಿಗೆ ಹೋಗೋಣ. 83 ವ್ಯಾಟ್ 4 ಗಂಟೆಗೆ 332 ವ್ಯಾಟ್-ಅವರ್. ಇನ್ವರ್ಟರ್ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 400. ಲೆಡ್ ಆಸಿಡ್ ಬ್ಯಾಟರಿಯನ್ನು ಪ್ರತಿ ಸಲ ಪೂರ್ತಿ ಖಾಲಿ ಮಾಡಿದರೆ ಆಯಸ್ಸು ಬೇಗ ಮುಗಿಯುತ್ತದೆ, ಅರ್ಧಕ್ಕೆ ನಿಲ್ಲಿಸುವ ಲೆಕ್ಕ ಹಿಡಿದೆ, ಹಾಗಾಗಿ 800. ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ 67 ಎಎಚ್. ವರ್ಷ ಕಳೆದಂತೆ ಬ್ಯಾಟರಿ ಕುಗ್ಗುತ್ತದೆ, ಅದಕ್ಕೆ ಸ್ವಲ್ಪ ಜಾಗ ಬಿಟ್ಟು 100 ಎಎಚ್ ಟ್ಯೂಬ್ಯುಲರ್ ಹಾಕಿದೆ.

ಕಟ್ಟಿ ಮುಗಿಸಿದ ಮೇಲೆ ಬ್ಯಾಟರಿ ವೈರಿಗೆ ಡಿಸಿ ಕ್ಲಾಂಪ್ ಮೀಟರ್ ಹಾಕಿ ನೋಡಿದೆ. ಟಿವಿ, ಬಾಕ್ಸ್, ರೂಟರ್ ಓಡುವಾಗ 12.2 ವೋಲ್ಟ್‌ನಲ್ಲಿ 8.2 ಆಂಪ್, ಅಂದರೆ 100 ವ್ಯಾಟ್. ಲೆಕ್ಕಕ್ಕೆ ಸರಿಯಾಗಿ ಬಂತು. ಆಮೇಲೆ ಎಲ್ಲ ಪ್ಲಗ್ ಕಿತ್ತು, ಇನ್ವರ್ಟರ್ ಮಾತ್ರ ಆನ್ ಇಟ್ಟು ನೋಡಿದೆ: 1.1 ಆಂಪ್. ಯಾರಿಗೂ ಏನೂ ಕೊಡದೆ ತಾನು ಎಚ್ಚರ ಇರುವುದಕ್ಕೇ ಇನ್ವರ್ಟರ್ 13 ವ್ಯಾಟ್ ತಿನ್ನುತ್ತದೆ, ನಮ್ಮ ಸೆಟ್ ಟಾಪ್ ಬಾಕ್ಸ್‌ಗಿಂತ ಜಾಸ್ತಿ. ಇನ್ವರ್ಟರ್ ದೊಡ್ಡದಾದಷ್ಟೂ ಸಾಮಾನ್ಯವಾಗಿ ಈ ಖರ್ಚೂ ದೊಡ್ಡದು. ಚಿಕ್ಕ ಲೋಡಿಗೆ ಸುಮ್ನೆ ದೊಡ್ಡ ಇನ್ವರ್ಟರ್ ತರಬಾರದು ಅನ್ನುವುದು ಇದಕ್ಕೇ.

ಬ್ಯಾಟರಿಯನ್ನು ಟಿವಿ ಸ್ಟ್ಯಾಂಡಿನ ಕೆಳಗಿನ ಕಪಾಟಿನಲ್ಲಿ ಇಡುವ ಆಸೆ ಎಲ್ಲರಿಗೂ ಬರುತ್ತದೆ, ವೈರ್ ಕಾಣುವುದಿಲ್ಲ ಅಂತ. ನೀರು ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿ ಆಡುವ ಜಾಗದಲ್ಲೇ ಇಡಿ, ಬ್ಯಾಟರಿಯ ಪ್ಲಸ್ ಹತ್ತಿರವೇ ಒಂದು ಫ್ಯೂಸ್ ಇರಲಿ.

ಇಷ್ಟಾದರೂ ಒಂದು ಬಾಕಿ ಇತ್ತು. ಕರೆಂಟ್ ಹೋದಾಗ ಕೆಲವೊಮ್ಮೆ ಟಿವಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು, ಕೆಲವೊಮ್ಮೆ ಏನೂ ಆಗುತ್ತಿರಲಿಲ್ಲ. ಒಂದೇ ಇನ್ವರ್ಟರ್, ಒಂದೇ ಟಿವಿ, ಯಾಕೆ ಹೀಗೆ? ಗಮನಿಸಿದಾಗ ಗೊತ್ತಾಯಿತು, ವೋಲ್ಟೇಜ್ ಮೊದಲೇ ಇಳಿದು ಲೈಟ್ ಮಂಕಾಗಿ ಆಮೇಲೆ ಕರೆಂಟ್ ಹೋದಾಗ ಮಾತ್ರ ಟಿವಿ ಆಫ್ ಆಗುತ್ತಿತ್ತು.

ಲೈನ್ ಬಿಟ್ಟು ಬ್ಯಾಟರಿಗೆ ಬದಲಾಗಲು ಇನ್ವರ್ಟರ್‌ಗೆ ಕೆಲವು ಮಿಲಿಸೆಕೆಂಡ್ ಬೇಕು. ಆ ಹೊತ್ತು ಟಿವಿ ಬದುಕುವುದು ತನ್ನ ದೊಡ್ಡ ಕೆಪಾಸಿಟರ್‌ನಲ್ಲಿ ತುಂಬಿರುವ ಶಕ್ತಿಯಿಂದ. ಅದು 100 ಮೈಕ್ರೋಫ್ಯಾರಡ್ ಅಂತ ಇಟ್ಟುಕೊಳ್ಳಿ. ಲೈನ್ 230 ಇದ್ದಾಗ ಅದರಲ್ಲಿ 325 ವೋಲ್ಟ್ ತುಂಬಿರುತ್ತದೆ, 120ಕ್ಕೆ ಇಳಿಯುವವರೆಗೆ ಪವರ್ ಸಪ್ಲೈ ಎಳೆದುಕೊಳ್ಳಬಲ್ಲದು ಅಂತ ಹಿಡಿದರೆ ಸಿಗುವುದು ಸುಮಾರು 4.5 ಜೂಲ್. 64 ವ್ಯಾಟ್ ಟಿವಿಗೆ ಅದು 70 ಮಿಲಿಸೆಕೆಂಡ್. ಲೈನ್ ಮೊದಲೇ 150ಕ್ಕೆ ಇಳಿದಿದ್ದರೆ ಕೆಪಾಸಿಟರ್‌ನಲ್ಲಿ 212 ವೋಲ್ಟ್ ಮಾತ್ರ, ಶಕ್ತಿ 1.5 ಜೂಲ್, ಸಮಯ 24 ಮಿಲಿಸೆಕೆಂಡ್. ವೋಲ್ಟೇಜ್ ಮೂರನೇ ಒಂದು ಭಾಗ ಇಳಿದರೆ ಸಿಗುವ ಸಮಯ ಮೂರನೇ ಒಂದಕ್ಕೆ ಕುಸಿಯುತ್ತದೆ. ಇನ್ವರ್ಟರ್ 40 ಮಿಲಿಸೆಕೆಂಡ್ ತಗೊಂಡರೆ ಮೊದಲನೆಯದರಲ್ಲಿ ಟಿವಿ ಪಾಸು, ಎರಡನೆಯದರಲ್ಲಿ ಫೇಲು.

ಇಂಥ ಇನ್ವರ್ಟರ್‌ಗಳ ಹಿಂದೆ ಸಾಮಾನ್ಯವಾಗಿ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಮತ್ತು ಇನ್ವರ್ಟರ್ ಮೋಡ್ ಅಂತ. ನಮ್ಮದು ಇನ್ವರ್ಟರ್ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಲೈನ್ 100 ವೋಲ್ಟ್ ಆಸುಪಾಸಿಗೆ ಇಳಿಯುವವರೆಗೂ ಅದು ಲೈನನ್ನೇ ಹಿಡಿದುಕೊಂಡಿರುತ್ತದೆ, ಬದಲಾಗುವುದೂ ನಿಧಾನ. ಯುಪಿಎಸ್ ಮೋಡ್‌ನಲ್ಲಿ 180ರ ಹತ್ತಿರ ಇಳಿದ ಕೂಡಲೇ ಬ್ಯಾಟರಿಗೆ ಹೋಗುತ್ತದೆ, ಅದೂ ಬೇಗ. ಸ್ವಿಚ್ ಬದಲಿಸಿದ ಮೇಲೆ ಟಿವಿ ಆಫ್ ಆಗುವುದು ನಿಂತಿತು. ಇದಕ್ಕೆ ಬೆಲೆ ಏನೆಂದರೆ ವೋಲ್ಟೇಜ್ ಸದಾ ಕಡಿಮೆ ಇರುವ ಲೈನಿನಲ್ಲಿ ಕರೆಂಟ್ ಇದ್ದರೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಅಂಥ ಕಡೆ ಇನ್ವರ್ಟರ್ ಮೋಡ್‌ನಲ್ಲೇ ಬಿಟ್ಟು, ಟಿವಿ ಒಮ್ಮೆ ಆಫ್ ಆಗಿ ಆನ್ ಆಗುವುದನ್ನು ಒಪ್ಪಿಕೊಳ್ಳುವುದೇ ಮೇಲು.

ಸೆಟ್ ಟಾಪ್ ಬಾಕ್ಸ್ ಮಾತ್ರ ಯುಪಿಎಸ್ ಮೋಡ್‌ನಲ್ಲೂ ಆಗೊಮ್ಮೆ ಈಗೊಮ್ಮೆ ರೀಸ್ಟಾರ್ಟ್ ಆಗುತ್ತಿತ್ತು, ಅದು ಮತ್ತೆ ಚಾನೆಲ್ ತೋರಿಸಲು ಎರಡು ನಿಮಿಷ ಬೇಕು. ಅದರ ಅಡಾಪ್ಟರ್ ಚಿಕ್ಕದು, ಒಳಗಿನ ಕೆಪಾಸಿಟರ್ ಇನ್ನೂ ಚಿಕ್ಕದು. ಬಾಕ್ಸ್ ಓಡುವುದು 12 ವೋಲ್ಟ್ ಡಿಸಿಯಲ್ಲಿ, ಅಡಾಪ್ಟರ್ ಮೇಲೆ 12 ವೋಲ್ಟ್ 1.5 ಆಂಪ್ ಅಂತ ಇತ್ತು. ರೂಟರ್‌ಗೆ ಅಂತ ಸಿಗುವ 12 ವೋಲ್ಟ್ ಮಿನಿ ಯುಪಿಎಸ್ 2 ಆಂಪ್‌ನದ್ದು ತಂದು ಅಡಾಪ್ಟರ್‌ಗೂ ಬಾಕ್ಸ್‌ಗೂ ಮಧ್ಯೆ ಹಾಕಿದೆ. ಹಾಕುವ ಮೊದಲು ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಅಂತ ಎರಡೂ ಕಡೆ ಮೀಟರ್‌ನಲ್ಲಿ ನೋಡಿಕೊಂಡೆ, ಉಲ್ಟಾ ಆದರೆ ಬಾಕ್ಸ್ ಹೋದಂತೆಯೇ. ಮಿನಿ ಯುಪಿಎಸ್‌ನ ಬ್ಯಾಟರಿ ಚಿಕ್ಕದಾದರೂ ಪರವಾಗಿಲ್ಲ, ಅದು ಹಿಡಿದುಕೊಳ್ಳಬೇಕಾಗಿರುವುದು ಇನ್ವರ್ಟರ್ ಬದಲಾಗುವ ಆ ಕೆಲವು ಮಿಲಿಸೆಕೆಂಡ್ ಮಾತ್ರ, ಆಮೇಲೆ ಅಡಾಪ್ಟರ್‌ಗೆ ಇನ್ವರ್ಟರ್‌ನಿಂದಲೇ ಕರೆಂಟ್ ಸಿಗುತ್ತದೆ.